ಭಾನುವಾರದ ಇನ್‌ಸ್ಟಾಲ್‌ಗೆ ಮೊದಲು ಮಂಡಿ ಕಂಪ್ಯೂಟರ್ ರೆಡಿ ಮಾಡುವ ಚೆಕ್‌ಲಿಸ್ಟ್

ಅಣ್ಣಾ, ನಮಸ್ಕಾರ.

ಭಾನುವಾರ ಮಧ್ಯಾಹ್ನ 3 ಗಂಟೆಗೆ ನಾನು ತುಮಕೂರಿನಿಂದಲೇ ನಿಮ್ಮ ಕೋಲಾರದ ಮಂಡಿ ಕಂಪ್ಯೂಟರ್‌ಗೆ ಕನೆಕ್ಟ್ ಆಗ್ತೇನೆ. ರೈತರಿಗೆ ಪಟ್ಟಿ ಕೊಡುವ ಹೊಸ ಪ್ರೋಗ್ರಾಂ ಓಡಲು ಡಾಕರ್ ಬೇಕು, ಗಿಟ್ ಬೇಕು, ಡೇಟಾಬೇಸ್ ಬೇಕು. ಅದೆಲ್ಲ ಹಾಕಿಕೊಡುತ್ತೇನೆ. ಮುಂದೆ ನಿಮ್ಮ ಮಗನೇ ನೋಡಿಕೊಳ್ಳುವ ಹಾಗೆ ತೋರಿಸಿಯೂ ಕೊಡುತ್ತೇನೆ. ಡಾಕರ್‌ಗೆ ನೀವು ದುಡ್ಡು ಕಟ್ಟಬೇಕಿಲ್ಲ, ಸಣ್ಣ ವ್ಯಾಪಾರಕ್ಕೆ ಅದು ಉಚಿತ.

ಕೆಳಗಿನ ಕೆಲಸಗಳು ಶನಿವಾರ ರಾತ್ರಿಯೊಳಗೆ ಮುಗಿದಿರಲಿ. ಕೆಲವನ್ನು ನೀವೇ ಮಾಡಬಹುದು, ಕೆಲವಕ್ಕೆ ಮಗನನ್ನು ಕೂರಿಸಿ.

1. ಮೊದಲು ಬ್ಯಾಕಪ್. ಇದಾಗದೆ ನಾನು ಏನನ್ನೂ ಮುಟ್ಟುವುದಿಲ್ಲ

ಆ ಕಂಪ್ಯೂಟರ್‌ನಲ್ಲಿ ರೈತರ ಬಾಕಿ ಇದೆ, ವ್ಯಾಪಾರಿಗಳ ಲೆಕ್ಕ ಇದೆ. ಹಾಳಾದರೆ ನಾನು ಪ್ರೋಗ್ರಾಂ ಮತ್ತೆ ಹಾಕಿಕೊಡಬಹುದು, ಹಳೇ ಲೆಕ್ಕ ತಂದುಕೊಡಲು ಆಗುವುದಿಲ್ಲ.

☐ ಟ್ಯಾಲಿ ಡೇಟಾ, ಎಕ್ಸೆಲ್ ಫೈಲುಗಳು, ಸ್ಕ್ಯಾನ್ ಮಾಡಿದ ಬಿಲ್ಲುಗಳು: ಎಲ್ಲ ಒಂದು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್‌ಗೆ.
☐ ಕಾಪಿ ಆದ ಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ಒಂದೆರಡು ಫೈಲ್ ತೆರೆದು ನೋಡಿ. ತೆರೆದರೆ ಮಾತ್ರ ಅದು ಬ್ಯಾಕಪ್.
☐ ಆಮೇಲೆ ಪೆನ್‌ಡ್ರೈವ್ ಕಿತ್ತು ಮನೆಗೆ ಒಯ್ಯಿರಿ. ಕಂಪ್ಯೂಟರ್‌ಗೇ ಸಿಕ್ಕಿಸಿ ಬಿಡಬೇಡಿ.

ರೈತರ ಹೆಸರಿನ ಹಳೇ ಎಕ್ಸೆಲ್ ಫೈಲ್ ಬಗ್ಗೆ ಒಂದು ಮಾತು. ನೀವು ಕಳಿಸಿದ ಫೋಟೋದಲ್ಲಿ ಅದು ನುಡಿ ಫಾಂಟ್‌ನಲ್ಲಿದೆ. ಆ ಹಳೇ ಫಾಂಟ್ ಇಲ್ಲದ ಕಡೆ ತೆರೆದರೆ "ರಾಮ" ಎಂದು ಬರೆದದ್ದು `gÁªÀÄ` ಅಂತ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ಆದರೆ ಹೊಸ ಡೇಟಾಬೇಸ್‌ಗೆ ಯೂನಿಕೋಡ್ ಬೇಕು. ಒಂದು ಕಾಪಿ ನನಗೆ ಈಗಲೇ ಮೇಲ್ ಮಾಡಿ, ನಾನು ಬದಲಾಯಿಸಿ ಕಳಿಸುತ್ತೇನೆ. ಬದಲಾದ ಹೆಸರುಗಳನ್ನು ನೀವೇ ಒಮ್ಮೆ ಓದಿ ನೋಡಬೇಕು. ಒತ್ತಕ್ಷರ ಎಲ್ಲಿ ತಪ್ಪಿದೆ ಅಂತ ಆ ರೈತರನ್ನು ಬಲ್ಲ ನಿಮಗೇ ಬೇಗ ಗೊತ್ತಾಗುವುದು.

2. ಕಂಪ್ಯೂಟರ್‌ಗೆ ತಾಕತ್ತು ಇದೆಯಾ?

ವಿಂಡೋಸ್ ಕೀ ಜೊತೆ R ಒತ್ತಿ, `winver` ಅಂತ ಟೈಪ್ ಮಾಡಿ. ವಿಂಡೋಸ್ 11 ಇದ್ದರೆ ಸರಿ. 10 ಇದ್ದರೆ ಶನಿವಾರದವರೆಗೂ ಕಾಯದೆ ಇವತ್ತೇ ಹೇಳಿ, ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ರ‍್ಯಾಮ್ 8 ಜಿಬಿ ಆದರೂ ಇರಲಿ, 16 ಇದ್ದರೆ ಆರಾಮ. ಸಿ ಡ್ರೈವ್‌ನಲ್ಲಿ 40 ಜಿಬಿ ಖಾಲಿ ಬೇಕು. ಜಾಗ ಮಾಡಲು ಡೌನ್‌ಲೋಡ್ಸ್ ಫೋಲ್ಡರ್‌ನ ವಿಡಿಯೋ ತೆಗೆಯಿರಿ, ಬೇರೆ ಯಾವುದನ್ನೂ ಸುಮ್ನೆ ಅಳಿಸಬೇಡಿ.

ಈಗ ಮಗ ಕಮಾಂಡ್ ಪ್ರಾಂಪ್ಟ್ ತೆರೆದು ಇಷ್ಟನ್ನು ಒಂದೊಂದೇ ಸಾಲಾಗಿ ಓಡಿಸಲಿ:

```
mkdir C:\projects
systeminfo > C:\projects\mahiti.txt
netstat -ano | findstr ":5432 :8080"
```

`mahiti.txt` ಫೈಲ್ ನನಗೊಬ್ಬನಿಗೇ ಕಳಿಸಿ, ಮಂಡಿ ಗ್ರೂಪ್‌ಗೆ ಹಾಕಬೇಡಿ. ಕೊನೆಯ ಸಾಲಿಗೆ ಏನೂ ಬಾರದಿದ್ದರೆ ಒಳ್ಳೆಯದು, ನಮಗೆ ಬೇಕಾದ ಪೋರ್ಟುಗಳು ಖಾಲಿ ಇವೆ ಅಂತ ಅರ್ಥ. ಏನಾದರೂ ಬಂದರೆ ಫೋಟೋ ತೆಗೆದು ಕಳಿಸಿ ಸಾಕು.

ಕೋಡ್ ಇರುವುದು ಈ `C:\projects` ಒಳಗೇ. ಡೆಸ್ಕ್‌ಟಾಪ್‌ನಲ್ಲಿ ಇಡುವುದು ಬೇಡ. ಅಲ್ಲಿ ಒನ್‌ಡ್ರೈವ್ ಸಿಂಕ್ ಆಗುತ್ತಿದ್ದರೆ ಸಾವಿರಾರು ಸಣ್ಣ ಫೈಲುಗಳನ್ನು ಎಳೆದಾಡುತ್ತಾ ಕೂರುತ್ತದೆ.

3. ವರ್ಚುವಲೈಸೇಶನ್, ಮತ್ತು 48 ಅಂಕಿಯ ಕೀ

ಡಾಕರ್ ಓಡಲು ವರ್ಚುವಲೈಸೇಶನ್ ಆನ್ ಇರಬೇಕು. `Ctrl+Shift+Esc` ಒತ್ತಿ, `Performance`, ಅದರಲ್ಲಿ `CPU` ನೋಡಿ. ಕೆಳಗೆ `Virtualization: Enabled` ಅಂತ ಇದ್ದರೆ ಮುಗಿಯಿತು. `Disabled` ಅಂತ ಇದ್ದರೆ ಬಯೋಸ್‌ಗೆ ಹೋಗಿ ಆನ್ ಮಾಡಬೇಕು. ಅದನ್ನು ರಿಮೋಟ್‌ನಲ್ಲಿ ನಾನು ಮಾಡಲಾರೆ, ವಿಂಡೋಸ್ ಶುರುವಾಗುವ ಮೊದಲೇ ಬರುವ ಪರದೆ ಅದು. ಶನಿವಾರ ಸಂಜೆ ವಿಡಿಯೋ ಕಾಲ್ ಮಾಡಿ, ಪರದೆ ತೋರಿಸಿ, ನಾನು ಹೇಳಿದ ಹಾಗೆ ಮಗ ಒತ್ತಲಿ.

ಆದರೆ ಬಯೋಸ್ ಮುಟ್ಟುವ ಮೊದಲು ಒಂದು ಕೆಲಸ. ವಿಂಡೋಸ್ 11 ಕಂಪ್ಯೂಟರ್‌ಗಳಲ್ಲಿ ಎಷ್ಟೋ ಸಲ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ತಾನಾಗೇ ಆನ್ ಆಗಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಬಯೋಸ್ ಬದಲಾದರೆ ಅದು ನೀಲಿ ಪರದೆ ತೋರಿಸಿ 48 ಅಂಕಿಯ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿನ ಲೆಕ್ಕ ಒಳಗೇ ಉಳಿಯಿತು.

☐ ಮೊಬೈಲ್‌ನಲ್ಲಿ `aka.ms/myrecoverykey` ತೆರೆದು, ಕಂಪ್ಯೂಟರ್‌ಗೆ ಹಾಕಿರುವ ಮೈಕ್ರೋಸಾಫ್ಟ್ ಅಕೌಂಟ್‌ನಿಂದಲೇ ಲಾಗಿನ್ ಆಗಿ.
☐ ಕೀ ಇದ್ದರೆ ಕಾಗದದ ಮೇಲೆ ಬರೆದು, ಇಬ್ಬರು ಓದಿ ತಾಳೆ ನೋಡಿ, ಗಲ್ಲಾಪೆಟ್ಟಿಗೆ ಬಿಟ್ಟು ಬೇರೆ ಕಡೆ ಇಡಿ.
☐ ಯಾವ ಅಕೌಂಟ್ ಅಂತಲೇ ನೆನಪಿಲ್ಲದಿದ್ದರೆ ಬಯೋಸ್ ಮುಟ್ಟಬೇಡಿ, ನನಗೆ ಫೋನ್ ಮಾಡಿ.

4. ಗಡಿಯಾರ ನೋಡಿ

ಚಿಕ್ಕದು ಅನ್ನಿಸುತ್ತೆ, ಅಲ್ವಾ? ಹೋದ ವರ್ಷ ಒಬ್ಬರ ಅಂಗಡಿಯಲ್ಲಿ ಎರಡು ಗಂಟೆ ಇದಕ್ಕೇ ಹೋಯಿತು. ಯಾವ ಡೌನ್‌ಲೋಡ್ ಹಾಕಿದರೂ ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತಿತ್ತು. ಇಂಟರ್ನೆಟ್ ಬೈದೆವು, ಆಂಟಿವೈರಸ್ ಬೈದೆವು. ಕೊನೆಗೆ ನೋಡಿದರೆ ಮೂಲೆಯ ಗಡಿಯಾರ 2019 ತೋರಿಸುತ್ತಿತ್ತು. ಮದರ್‌ಬೋರ್ಡ್‌ನ ಸೆಲ್ ಸತ್ತಿತ್ತು, ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿತ್ತು. ನಿಮ್ಮದೂ ಹಾಗೆ ತಪ್ಪುತ್ತಿದ್ದರೆ CR2032 ಅನ್ನುವ ಬಿಲ್ಲೆ ಸೆಲ್ ಹಾಕಿಸಿ. ಸಾಮಾನ್ಯವಾಗಿ ಎಲ್ಲ ಕಂಪ್ಯೂಟರ್ ಅಂಗಡಿಯಲ್ಲೂ ಸಿಗುತ್ತದೆ.

5. ಅಪ್‌ಡೇಟ್, ನೆಟ್, ಕರೆಂಟ್

ಬಾಕಿ ಇರುವ ವಿಂಡೋಸ್ ಅಪ್‌ಡೇಟ್ ಎಲ್ಲ ಮುಗಿಸಿ `Restart` ಕೊಡಿ. `Shut down` ಮಾಡಿ ಮತ್ತೆ ಆನ್ ಮಾಡಿದರೆ ಪೂರ್ತಿ ಹೊಸದಾಗಿ ಶುರುವಾಗದೇ ಇರಬಹುದು. ಸ್ಲೀಪ್ ಟೈಮ್ `Never` ಮಾಡಿಡಿ.

ಡೌನ್‌ಲೋಡ್ ನಾಲ್ಕೈದು ಜಿಬಿ ಆಗಬಹುದು. ಫೈಬರ್ ಲೈನ್ ಇದ್ದರೆ ಚೆನ್ನ. ಮೊಬೈಲ್ ಹಾಟ್‌ಸ್ಪಾಟ್ ಆದರೆ ಪ್ಯಾಕ್ ನೋಡಿಕೊಳ್ಳಿ. ಯುಪಿಎಸ್ ಬ್ಯಾಟರಿ ಒಮ್ಮೆ ಪ್ಲಗ್ ಕಿತ್ತು ಪರೀಕ್ಷಿಸಿ. ಭಾನುವಾರ ಕರೆಂಟ್ ತೆಗೆಯುತ್ತಾರಾ ಅಂತ ಬೆಸ್ಕಾಂನ 1912ಕ್ಕೆ ಕೇಳಿದರೆ ಒಳ್ಳೆಯದು. ತೆಗೆಯುತ್ತಾರೆ ಅಂದರೆ ಸಮಯ ಬದಲಿಸೋಣ.

6. ಭಾನುವಾರ ಕನೆಕ್ಟ್ ಆಗುವ ರೀತಿ

ಹೊಸ ಆ್ಯಪ್ ಏನೂ ಹುಡುಕಿ ಹಾಕಬೇಡಿ. ವಿಂಡೋಸ್‌ನ `Quick Assist` ಸಾಕು. ಸ್ಟಾರ್ಟ್‌ನಲ್ಲಿ ಹೆಸರು ಟೈಪ್ ಮಾಡಿ, ತೆರೆಯುತ್ತದಾ ಅಂತ ಶನಿವಾರವೇ ನೋಡಿ. 3 ಗಂಟೆಗೆ ನಾನೇ ಫೋನ್ ಮಾಡಿ, ಬಾಯಲ್ಲೇ ಕೋಡ್ ಹೇಳುತ್ತೇನೆ. ನನ್ನ ದನಿ ಗುರುತು ಹಿಡಿದ ಮೇಲೆ ಹಾಕಿ. ಬೇರೆ ಯಾರೇ ನನ್ನ ಹೆಸರು ಹೇಳಿ ಕೋಡ್ ಕೊಟ್ಟರೂ ಹಾಕಬೇಡಿ, ಫೋನ್ ಇಟ್ಟು ನನ್ನ ನಂಬರ್‌ಗೆ ತಿರುಗಿ ಮಾಡಿ.

☐ ಅಡ್ಮಿನ್ ಪಾಸ್‌ವರ್ಡ್ ನಿಮಗೆ ನೆನಪಿರಬೇಕು. ನನಗೆ ಕಳಿಸಬೇಡಿ, ಕೇಳಿದಾಗ ನೀವೇ ಟೈಪ್ ಮಾಡಿ.
☐ ಬ್ಯಾಂಕ್ ಪೇಜ್, ವಾಟ್ಸಾಪ್ ವೆಬ್ ಎಲ್ಲ ಲಾಗೌಟ್ ಆಗಿರಲಿ. ಈ ಕೆಲಸಕ್ಕೆ ಒಟಿಪಿ ಎಲ್ಲೂ ಬೇಕಾಗುವುದಿಲ್ಲ.
☐ ಸುಮಾರು ಎರಡು ಗಂಟೆ ಒಬ್ಬರು ಪಕ್ಕದಲ್ಲೇ ಕೂತಿರಬೇಕು. ವಿಂಡೋಸ್ ಅನುಮತಿ ಕೇಳಿದಾಗ ನನ್ನ ಕಡೆ ಪರದೆ ಕಪ್ಪಾಗುತ್ತದೆ, `Yes` ಒತ್ತುವವರು ನೀವೇ. ಮಧ್ಯೆ ರೀಸ್ಟಾರ್ಟ್ ಆದರೆ ಹೊಸ ಕೋಡ್ ಹೇಳುತ್ತೇನೆ.

ಕೆಲಸ ಮುಗಿದ ಮೇಲೆ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಒಂದು ಪಟ್ಟಿ ಮಾಡಿ, ನಿಮ್ಮ ಪ್ರಿಂಟರ್‌ನಲ್ಲೇ ತೆಗೆದು ನೋಡೋಣ. ಪ್ರಿಂಟರ್‌ಗೆ ಕಾಗದ ಹಾಕಿಟ್ಟಿರಿ. ಸೋಮವಾರ ಬೆಳಗಿನ ಹರಾಜಿಗೆ ಹಳೇ ಪದ್ಧತಿಯಲ್ಲೇ ಬರೆಯಿರಿ, ಹೊಸದನ್ನು ಒಂದು ವಾರ ಪಕ್ಕದಲ್ಲಿ ಓಡಿಸಿ ಎರಡರ ಲೆಕ್ಕವೂ ತಾಳೆ ಆದ ಮೇಲೆ ಬದಲಾಯಿಸೋಣ.

ಶನಿವಾರ ರಾತ್ರಿ 9ರವರೆಗೆ ಫೋನ್ ಎತ್ತುತ್ತೇನೆ. ಯಾವುದು ಆಗಿಲ್ಲವೋ ಅದರ ನಂಬರ್ ಹೇಳಿ ಸಾಕು.