ಅಪಧಮನಿ, ಅಭಿಧಮನಿ, ಲೋಮನಾಳ: ಬಣ್ಣದಿಂದಲ್ಲ, ಒತ್ತಡದಿಂದ ಗುರುತಿಸಿ

ನಿನ್ನೆ ಮೆಡಿಕಲ್ ವಾರ್ಡಿನಲ್ಲಿ ನೀವು ರೋಗಿಯ ತೋಳಿಗೆ ಟೂರ್ನಿಕೆಟ್ ಕಟ್ಟಿ, ಮೊಣಕೈಯ ಒಳಮಡಿಕೆಯಲ್ಲಿ ಬೆರಳಿಟ್ಟು, "ಮೇಡಂ, ಇಲ್ಲಿ ಒಳ್ಳೆಯ ವೇನ್ ಸಿಕ್ಕಿತು" ಎಂದು ಸೂಜಿ ಎತ್ತಿದಾಗ ನಾನು ನಿಮ್ಮ ಕೈ ತಡೆದೆ. ನಿಮ್ಮ ಬೆರಳಿನ ಕೆಳಗೆ ಅದು ಮಿಡಿಯುತ್ತಿತ್ತು. ಮಿಡಿಯುವುದು ಅಪಧಮನಿ, ಅಭಿಧಮನಿಯಲ್ಲ. ಆಮೇಲೆ ವ್ಯತ್ಯಾಸ ಕೇಳಿದಾಗ ನೀವು "ಒಂದು ಕೆಂಪು, ಒಂದು ನೀಲಿ" ಎಂದಿರಿ. ವಾರ್ಡಿನ ಗಡಿಬಿಡಿಯಲ್ಲಿ ಉತ್ತರಿಸಲು ಸಮಯವಿರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಣ್ಣವನ್ನು ಬದಿಗಿಡಿ. ನೀಲಿ ರಕ್ತ ಯಾರ ದೇಹದಲ್ಲಿಯೂ ಇಲ್ಲ. ಅಭಿಧಮನಿಯ ರಕ್ತ ಕಡುಗೆಂಪು, ಚರ್ಮದ ಮೂಲಕ ನೋಡುವಾಗ ಮಾತ್ರ ನೀಲಿಯಾಗಿ ತೋರುತ್ತದೆ. ಆಮ್ಲಜನಕವನ್ನು ಆಧಾರವಾಗಿ ಹಿಡಿದರೂ ಪರೀಕ್ಷೆಯಲ್ಲಿ ಎಡವುತ್ತೀರಿ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆಯಾದ ರಕ್ತವಿರುತ್ತದೆ. ಅಲ್ಲಿಂದ ಮರಳುವ ಪಲ್ಮನರಿ ಅಭಿಧಮನಿಗಳಲ್ಲಿ ಆಮ್ಲಜನಕ ತುಂಬಿದ ರಕ್ತವಿರುತ್ತದೆ. ಮುಂದೆ ಲೇಬರ್ ರೂಮಿಗೆ ಹೋದಾಗ ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ತುದಿಯನ್ನು ಗಮನಿಸಿ: ಸಾಮಾನ್ಯವಾಗಿ ದಪ್ಪ ಗೋಡೆಯ ಎರಡು ಸಣ್ಣ ಅಪಧಮನಿಗಳೂ ಅಗಲವಾದ ಒಂದು ಅಭಿಧಮನಿಯೂ ಕಾಣುತ್ತವೆ, ಮಗುವಿಗೆ ಆಮ್ಲಜನಕ ಒಯ್ಯುವುದು ಆ ಒಂದು ಅಭಿಧಮನಿಯೇ. ಆದ್ದರಿಂದ ದಿಕ್ಕನ್ನು ನೆನಪಿಡಿ. ಹೃದಯದಿಂದ ಹೊರಟದ್ದನ್ನು ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ, ಇವೆರಡರ ನಡುವೆ ಜೀವಕೋಶಗಳ ಜೊತೆ ಕೊಡುಕೊಳ್ಳುವಿಕೆ ನಡೆಯುವ ಜಾಗ ಲೋಮನಾಳ.

ದಿಕ್ಕು ತಿಳಿದ ಮೇಲೆ ಉಳಿದ ಎಲ್ಲ ವ್ಯತ್ಯಾಸಗಳೂ ಒಂದೇ ಕಾರಣದಿಂದ ಹೊರಡುತ್ತವೆ, ಅದು ಒತ್ತಡ. ನೀವು ದಿನವೂ ಚಾರ್ಟಿನಲ್ಲಿ ಬರೆಯುವ 120/80 ಎಂಬುದು ದೊಡ್ಡ ಅಪಧಮನಿಯೊಳಗಿನ ಒತ್ತಡ, ಮಿ.ಮೀ. ಪಾದರಸದ ಲೆಕ್ಕದಲ್ಲಿ. ಅದೇ ರಕ್ತ ಲೋಮನಾಳವನ್ನು ಹೊಕ್ಕುವಾಗ ಒತ್ತಡ ಸುಮಾರು 35ಕ್ಕೆ, ಅಲ್ಲಿಂದ ಹೊರಬೀಳುವಾಗ ಸುಮಾರು 15ಕ್ಕೆ ಇಳಿದಿರುತ್ತದೆ. ಹೃದಯದ ಹತ್ತಿರದ ದೊಡ್ಡ ಅಭಿಧಮನಿಗಳಲ್ಲಿ ಅದು ಒಂದಂಕಿಗೆ ಬಂದು ನಿಲ್ಲುತ್ತದೆ. ಅತಿ ದೊಡ್ಡ ಇಳಿತ ಆಗುವುದು ಲೋಮನಾಳಕ್ಕೆ ಮುಂಚಿನ ಕಿರು ಅಪಧಮನಿಗಳಲ್ಲಿ, ಅಂದರೆ ಆರ್ಟೀರಿಯೋಲ್‌ಗಳಲ್ಲಿ. ಅವುಗಳ ಗೋಡೆಯ ಸ್ನಾಯು ಬಿಗಿದರೆ ಬಿಪಿ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ಬಿಪಿ ಮಾತ್ರೆಗಳಲ್ಲಿ ಹಲವು ಕೆಲಸ ಮಾಡುವುದು ಇಲ್ಲಿಯೇ.

ಅಪಧಮನಿಗೂ ಅಭಿಧಮನಿಗೂ ಗೋಡೆಯಲ್ಲಿ ಮೂರು ಪದರಗಳಿವೆ: ಒಳಗಿನ ಇಂಟಿಮಾ, ನಡುವಿನ ಮೀಡಿಯಾ, ಹೊರಗಿನ ಅಡ್ವೆಂಟಿಷಿಯಾ. ಪ್ರತಿ ಬಡಿತದ ಹೊಡೆತವನ್ನು ತಾಳಬೇಕಾದ ಅಪಧಮನಿಯಲ್ಲಿ ನಡುವಿನ ಪದರ ದಪ್ಪ. ಮಹಾಪಧಮನಿಯಲ್ಲಿ ಆ ಪದರದ ತುಂಬ ಹಿಗ್ಗುವ ನಾರುಗಳಿರುವುದರಿಂದ, ಹೃದಯ ಕುಗ್ಗಿದಾಗ ಅದು ಉಬ್ಬಿ, ಹೃದಯ ವಿರಮಿಸುವಾಗ ಮತ್ತೆ ಮೊದಲಿನಂತಾಗುತ್ತ ರಕ್ತವನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಆ ಉಬ್ಬಿನ ಅಲೆಯೇ ಮಣಿಕಟ್ಟಿನಲ್ಲಿ ನಿಮ್ಮ ಬೆರಳಿಗೆ ತಾಗುವ ನಾಡಿ.

ಅಭಿಧಮನಿಯ ಗೋಡೆ ತೆಳು, ಒಳಹರವು ಅಗಲ. ರಕ್ತ ಖಾಲಿಯಾದರೆ ಅದು ಒದ್ದೆ ಬಟ್ಟೆಯಂತೆ ಚಪ್ಪಟೆಯಾಗುತ್ತದೆ, ಅಪಧಮನಿಯಾದರೋ ದುಂಡಗೇ ನಿಲ್ಲುತ್ತದೆ. ದೇಹದ ಒಟ್ಟು ರಕ್ತದ ಅರ್ಧಕ್ಕಿಂತ ಹೆಚ್ಚು ಪಾಲು ಯಾವ ಕ್ಷಣದಲ್ಲಿಯೂ ಅಭಿಧಮನಿಗಳಲ್ಲೇ ಇರುತ್ತದೆ. ಅವು ಬರಿಯ ಹಿಂತಿರುಗುವ ದಾರಿಯಲ್ಲ, ಉಗ್ರಾಣವೂ ಹೌದು. ತುಂಬಾ ರಕ್ತ ಹೋದ ರೋಗಿಯಲ್ಲಿ ಅಭಿಧಮನಿಗಳು ಕುಗ್ಗಿ ಈ ದಾಸ್ತಾನನ್ನು ಹೃದಯಕ್ಕೆ ಕಳಿಸುತ್ತವೆ, ಆದ್ದರಿಂದಲೇ ಲೈನ್ ತುರ್ತಾಗಿ ಬೇಕಾದ ಹೊತ್ತಿಗೆ ಅವು ಕೈಗೆ ಸಿಗುವುದಿಲ್ಲ.

ಇಷ್ಟು ಕಡಿಮೆ ಒತ್ತಡದಲ್ಲಿ ಪಾದದ ರಕ್ತ ಹೃದಯಕ್ಕೆ ಏರುವುದು ಕವಾಟಗಳು ಮತ್ತು ಮೀನಖಂಡದ ಸ್ನಾಯುಗಳಿಂದ. ನಡೆಯುವಾಗ ಸ್ನಾಯು ಹಿಂಡುತ್ತದೆ, ಕವಾಟ ರಕ್ತವನ್ನು ಹಿಂದೆ ಜಾರಲು ಬಿಡುವುದಿಲ್ಲ. ಶಸ್ತ್ರಚಿಕಿತ್ಸೆ ಆದ ರೋಗಿಯನ್ನು ಬೇಗ ಎಬ್ಬಿಸಿ ನಡೆಸಿ ಎಂದು ನಾವು ಪೀಡಿಸುವುದರ ಹಿಂದೆ ಈ ಲೆಕ್ಕವಿದೆ, ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಕವಾಟವನ್ನು ನಿಮ್ಮ ಕೈಯಲ್ಲೇ ನೋಡಬಹುದು. ಗೆಳತಿಯಿಂದ ತೋಳಿಗೆ ಟೂರ್ನಿಕೆಟ್ ಕಟ್ಟಿಸಿಕೊಳ್ಳಿ. ಮುಂಗೈಯಲ್ಲಿ ಉಬ್ಬಿದ ಅಭಿಧಮನಿಯ ಮೇಲೆ ಅಲ್ಲಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಒಂದು ಬೆರಳಿನಿಂದ ಅಭಿಧಮನಿಯನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈ ಕಡೆಗೆ ಮೇಲಿನ ಗಂಟಿನಾಚೆ ಸವರಿ ಬಿಡಿ. ನಡುವಿನ ಭಾಗ ಖಾಲಿಯಾಗಿಯೇ ಉಳಿಯುತ್ತದೆ. ಒತ್ತಿದ ಬೆರಳು ತೆಗೆದೊಡನೆ ಕೆಳಗಿನಿಂದ ತುಂಬುತ್ತದೆ. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ಸುತ್ತಿ ಬರುತ್ತದೆ ಎಂದು ಸಾಧಿಸಿದಾಗ ತೋರಿಸಿದ್ದು ಇದನ್ನೇ. ಕ್ಯಾನುಲಾ ಹಾಕುವಾಗ ಆ ಗಂಟುಗಳನ್ನು ತಪ್ಪಿಸಿ, ತುದಿ ಕವಾಟಕ್ಕೆ ತಾಗಿದರೆ ಮುಂದೆ ಸರಿಯುವುದಿಲ್ಲ.

ಹಾರ್ವೆಗೆ ಒಂದು ಕೊಂಡಿ ಸಿಕ್ಕಿರಲಿಲ್ಲ: ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವುದೆಲ್ಲಿ? 1661ರಲ್ಲಿ ಮಾರ್ಚೆಲೋ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಲೋಮನಾಳಗಳನ್ನು ಕಂಡನು. ಇವುಗಳ ಗೋಡೆ ಒಂದೇ ಪದರದ ಜೀವಕೋಶಗಳದ್ದು, ಸ್ನಾಯುವಿಲ್ಲ, ಕವಾಟವಿಲ್ಲ. ಒಳಹರವು ಸುಮಾರು 5ರಿಂದ 10 ಮೈಕ್ರೋಮೀಟರ್, ಕೆಂಪುರಕ್ತಕಣದ ಅಗಲವೇ 7ರಿಂದ 8. ಎಷ್ಟೋ ಕಡೆ ಕಣಗಳು ಒಂದರ ಹಿಂದೊಂದಾಗಿ ಮಡಚಿಕೊಂಡು ನುಸುಳುತ್ತವೆ. ದೊಡ್ಡ ನಾಲೆಯ ನೀರು ನೂರಾರು ಗದ್ದೆಗಳಿಗೆ ಹಂಚಿಕೊಂಡಾಗ ನಿಧಾನವಾಗುವಂತೆ ಇಲ್ಲಿ ರಕ್ತವೂ ನಿಧಾನ. ಆಮ್ಲಜನಕ, ಸಕ್ಕರೆ, ತ್ಯಾಜ್ಯಗಳ ವಿನಿಮಯಕ್ಕೆ ಆ ನಿಧಾನ ಬೇಕೇ ಬೇಕು.

ನೀರು ಹೊರಸೋರುವ ಲೆಕ್ಕವನ್ನು ಚೆನ್ನಾಗಿ ತಿಳಿಯಿರಿ, ಕಾಲು ಊದಿಕೊಂಡ ಪ್ರತಿ ರೋಗಿಯ ಬಳಿ ಬೇಕಾಗುತ್ತದೆ. ರಕ್ತದ ಒತ್ತಡ ನೀರನ್ನು ಹೊರದೂಡುತ್ತದೆ. ಆಲ್ಬುಮಿನ್ ಮುಖ್ಯವಾಗಿರುವ ಪ್ರೋಟೀನುಗಳು ಸುಮಾರು 25 ಮಿ.ಮೀ.ನಷ್ಟು ಬಲದಿಂದ ಒಳಗೆ ಹಿಡಿಯುತ್ತವೆ. ಆರಂಭದ ತುದಿಯಲ್ಲಿ 35 ಗೆಲ್ಲುತ್ತದೆ, ನೀರು ಹೊರಬರುತ್ತದೆ. ಕೊನೆಯಲ್ಲಿ 15 ಸೋಲುತ್ತದೆ, ಸೋರಿಕೆ ನಿಂತು ಒಂದಷ್ಟು ಒಳಸೇರುತ್ತದೆ. ಮಿಕ್ಕದ್ದನ್ನು ದುಗ್ಧನಾಳಗಳು ಒಯ್ಯುತ್ತವೆ. ಹೃದಯ ಸೋತು ಅಭಿಧಮನಿಯ ಒತ್ತಡ ಏರಿದರೂ, ಮೂತ್ರಪಿಂಡದ ಕಾಯಿಲೆಯಲ್ಲಿ ಆಲ್ಬುಮಿನ್ ಸೋರಿ ಹೋದರೂ ಊತ ಬರುವುದು ಈ ಲೆಕ್ಕ ತಪ್ಪಿದ್ದರಿಂದ. ಉಗುರನ್ನು ಒತ್ತಿ ಬಿಟ್ಟು ಕೆಂಪು ಮರಳಲು ಎಷ್ಟು ಹೊತ್ತು ಎಂದು ನೋಡುವಾಗ ನೀವು ನೋಡುತ್ತಿರುವುದೂ ಲೋಮನಾಳಗಳನ್ನೇ. ಸಾಮಾನ್ಯವಾಗಿ 2 ಸೆಕೆಂಡಿನೊಳಗೆ ಮರಳಬೇಕು.

ರಕ್ತಸ್ರಾವದಲ್ಲಿಯೂ ಒತ್ತಡವೇ ಗುರುತು: ಅಪಧಮನಿ ಬಡಿತಕ್ಕೆ ತಕ್ಕಂತೆ ಚಿಮ್ಮುತ್ತದೆ, ಅಭಿಧಮನಿ ಒಂದೇ ಸಮನೆ ಹರಿಯುತ್ತದೆ, ಲೋಮನಾಳ ಜಿನುಗುತ್ತದೆ. ಶಾಕ್‌ನಲ್ಲಿರುವ ರೋಗಿಯಲ್ಲಿ ಚಿಮ್ಮುವಿಕೆ ಕಾಣದಿರಬಹುದು.

ನಿನ್ನೆಯ ತೋಳಿಗೆ ಮರಳೋಣ. ಮೊಣಕೈ ಮಡಿಕೆಯಲ್ಲಿ ಬ್ರೇಕಿಯಲ್ ಅಪಧಮನಿ ಬೈಸೆಪ್ಸ್ ಸ್ನಾಯುರಜ್ಜುವಿನ ಒಳಬದಿಯಲ್ಲಿ, ಅಭಿಧಮನಿಯಿಂದ ಬಹಳ ದೂರವಲ್ಲದೆ, ಸ್ವಲ್ಪ ಆಳದಲ್ಲಿದೆ. ಟೂರ್ನಿಕೆಟ್ ಕಟ್ಟುವ ಮೊದಲೇ ಮಿಡಿತ ಎಲ್ಲಿದೆಯೆಂದು ಮುಟ್ಟಿ ನೋಡಿ, ಆಮೇಲೆ ಕಟ್ಟಿ. ಒತ್ತಿದರೆ ಸ್ಪ್ರಿಂಗಿನಂತೆ ಮೇಲೇಳುವ, ಮಿಡಿಯದ ನಾಳವನ್ನು ಆರಿಸಿಕೊಳ್ಳಿ. ಅಕಸ್ಮಾತ್ ಅಪಧಮನಿಗೆ ಚುಚ್ಚಿದರೆ ಕ್ಯಾನುಲಾದಲ್ಲಿ ರಕ್ತ ಸಾಮಾನ್ಯವಾಗಿ ತಿಳಿಗೆಂಪಾಗಿ, ಮಿಡಿಯುತ್ತ ಏರುತ್ತದೆ. ಆಗ ಟೂರ್ನಿಕೆಟ್ ಬಿಚ್ಚಿ, ಯಾವ ಔಷಧಿಯನ್ನೂ ಕೊಡಬೇಡಿ. ಅಪಧಮನಿಗೆ ಹೋದ ಔಷಧಿ ನೇರವಾಗಿ ಬೆರಳುಗಳ ಲೋಮನಾಳಗಳಿಗೆ ನುಗ್ಗಿ ಅಂಗಾಂಶವನ್ನೇ ಕೊಲ್ಲಬಲ್ಲದು. ಔಷಧಿ ಕೊಟ್ಟಿಲ್ಲವಾದರೆ ಕ್ಯಾನುಲಾ ತೆಗೆದು ಕನಿಷ್ಠ 5 ನಿಮಿಷ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು ಹೊತ್ತು, ಬಿಡದೆ ಒತ್ತಿ ಹಿಡಿಯಿರಿ. ಔಷಧಿ ಹೋಗಿಬಿಟ್ಟಿದ್ದರೆ ಕ್ಯಾನುಲಾವನ್ನು ಕೀಳದೆ ಅಲ್ಲೇ ಬಿಟ್ಟು ವೈದ್ಯರನ್ನು ಕೂಡಲೇ ಕರೆಯಿರಿ. ಎರಡೂ ಸಂದರ್ಭಗಳಲ್ಲಿ ಬೆರಳುಗಳ ಬಣ್ಣ, ಬಿಸುಪು, ಮಣಿಕಟ್ಟಿನ ನಾಡಿ ಇವನ್ನು ನೋಡಿ, ಸಮಯದೊಂದಿಗೆ ನರ್ಸಿಂಗ್ ನೋಟ್ಸ್‌ನಲ್ಲಿ ಬರೆಯಿರಿ.