ಜಾಗ ನೋಡಿಕೊಳ್ಳುವ ಮಂಜಣ್ಣನಿಗೆ

ಮಂಜಣ್ಣ,

ಫೋನಿನಲ್ಲಿ ಹೇಳಿದ್ದನ್ನೇ ಬರೆದು ಕಳಿಸುತ್ತಿದ್ದೇನೆ. ನಾನು ಹುಬ್ಬಳ್ಳಿಯಲ್ಲಿ ಕೂತು ಶಿರಸಿಯ ಜಾಗ ಕಾಯೋದು ನಿಮ್ಮ ಕಣ್ಣಿನಿಂದಲೇ ಅಲ್ವಾ.

ಜಾಗ 1 ಎಕರೆ 12 ಗುಂಟೆ. ನಾಲ್ಕು ಮೂಲೆಯ ಬಾಂದುಕಲ್ಲೇ ಎಲ್ಲಕ್ಕಿಂತ ಮುಖ್ಯ. ಬೇಲಿ ಬಿದ್ದರೆ ಮತ್ತೆ ಕಟ್ಟಬಹುದು. ಕಲ್ಲು ಸರಿದರೆ ಸರ್ವೆಯವರನ್ನೇ ಕರೆಸಬೇಕು. ಹೋದಾಗ ಮೊದಲು ಕಲ್ಲಿನ ಸುತ್ತ ಕಳೆ ಸವರಿ, ತುದಿಗೆ ಬಿಳಿ ಬಣ್ಣ ಇದೆಯಾ ನೋಡಿ.

ಬೇಲಿಯ ಸುತ್ತಳತೆ ಸುಮಾರು 960 ಅಡಿ. 8 ಅಡಿಗೆ ಒಂದರಂತೆ 120 ಕಂಬ, ಮೂರು ಎಳೆ ಮುಳ್ಳುತಂತಿ. ಮುರಿದ ಕಂಬಗಳನ್ನು ಮೇ ಮುಗಿಯುವುದರೊಳಗೆ ಬದಲಿಸಿ. ಮಳೆ ಹಿಡಿದ ಮೇಲೆ ಗುಂಡಿ ತೋಡಿದರೆ ಕಂಬ ನಿಲ್ಲೋದಿಲ್ಲ. ಕಂಬಗಳ ನಡುವೆ ಗೊಬ್ಬರದ ಗಿಡದ ಕೋಲು ನೆಡಿ. ಅದಕ್ಕೆ ಮೊದಲ ಮಳೆ ಬಿದ್ದ ಹೊತ್ತೇ ಸರಿ. ಪೂರ್ವಕ್ಕೆ ಅರಣ್ಯ ಇದೆ. ಆ ಕಡೆ ಒಂದು ಅಡಿ ಒಳಗೇ ಇರಿ, ಅವರ ಮರಕ್ಕೆ ತಂತಿ ಹೊಡೆಯಬೇಡಿ, ಕೊಂಬೆಯನ್ನೂ ಕಡಿಯಬೇಡಿ. ಹಂದಿ ಬರುತ್ತದೆ ಅಂತ ಯಾರಾದರೂ ತಂತಿಗೆ ಕರೆಂಟ್ ಕೊಡಿ ಅಂದರೆ, ಬೇಡ. ಮನುಷ್ಯರು ಸಾಯುತ್ತಾರೆ, ಕೇಸೂ ಆಗುತ್ತದೆ.

ಪಕ್ಕದ ಮನೆಯ ಅಮ್ಮ ನೀರಿಗೆ ಹೋಗೋದು ನಮ್ಮ ಜಾಗದಿಂದಲೇ. ಹೋಗಲಿ. ದಣಪೆ ಹಾಕಿಕೊಂಡು ಹೋಗಿ ಅನ್ನಿ, ಅಷ್ಟೇ.

ತಿಂಗಳಿಗೆ ಎರಡು ಸಲ, 1 ಮತ್ತು 16ನೇ ತಾರೀಕು ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಗಾಳಿಮಳೆ ಆದ ಮರುದಿನವೂ ಒಂದು ಸುತ್ತು ಹಾಕಿ. ಉಂಬಳ ಜಾಸ್ತಿ, ಗಮ್‌ಬೂಟ್ ಹಾಕಿಕೊಳ್ಳಿ. ದುಡ್ಡು ನಾನು ಕೊಡುತ್ತೇನೆ. ಜನವರಿ ಕೊನೆಗೆ ಬೇಲಿಗುಂಟ 6 ಅಡಿ ಅಗಲಕ್ಕೆ ಒಣಹುಲ್ಲು ತೆಗೆಸಿ, ಬೆಂಕಿ ದಾಟಬಾರದು.

ಫೋಟೋ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು. ಕಳೆದ ವರ್ಷ ನೋಡಿಕೊಳ್ಳುತ್ತಿದ್ದವರು ಪ್ರತಿ ತಿಂಗಳೂ ರಸ್ತೆ ಕಡೆಯ ಗೇಟಿನ ಫೋಟೋ ಮಾತ್ರ ಕಳಿಸುತ್ತಿದ್ದರು. ಹಿಂದಿನ ಬೇಲಿ ಮೂರು ತಿಂಗಳು ಬಿದ್ದಿತ್ತು, ದನ ದಾರಿಯನ್ನೇ ಮಾಡಿಕೊಂಡಿದ್ದವು. ನನಗೆ ಗೊತ್ತೇ ಆಗಲಿಲ್ಲ. ಅದಕ್ಕೇ ಪ್ರತಿ ಸಲ ಆರು ಫೋಟೋ: ನಾಲ್ಕು ಕಲ್ಲು, ಗೇಟು, ನಡುವಿನ ಹಲಸಿನ ಮರದಡಿ ನಿಂತು ಪೂರ್ವಕ್ಕೆ ಒಂದು. ನಿಲ್ಲುವ ಜಾಗ ಬದಲಾಗಬಾರದು. ಆಗ ಹಳೇ ಫೋಟೋ ಪಕ್ಕ ಇಟ್ಟರೆ ಏನು ಸರಿದಿದೆ ಅಂತ ತಿಳಿಯುತ್ತದೆ. ಮೊಬೈಲಿನಲ್ಲಿ ಲೊಕೇಶನ್ ಆನ್ ಇರಲಿ. ಅಲ್ಲಿ ನೆಟ್‌ವರ್ಕ್ ಸಿಗೋದಿಲ್ಲ, ಮನೆಗೆ ಬಂದು ವಾಟ್ಸಾಪ್‌ಗೆ ಹಾಕಿ. ಏನಾದರೂ ಮುರಿದಿದ್ದರೆ ಹತ್ತಿರದಿಂದ ಒಂದು, ದೂರದಿಂದ ಒಂದು, ಜೊತೆಗೆ ಎರಡು ಮಾತು ವಾಯ್ಸ್ ಮೆಸೇಜ್. ಬರೆಯೋ ಕಷ್ಟ ಬೇಡ.

ಯಾರಾದರೂ ಮಣ್ಣು ತೆಗೆಯುತ್ತಿದ್ದರೆ, ಅಳತೆಗೆ ಬಂದರೆ ಜಗಳಕ್ಕೆ ಹೋಗಬೇಡಿ. ಅಲ್ಲಿಂದಲೇ ಫೋಟೋ ತೆಗೆದು, ನೆಟ್‌ವರ್ಕ್ ಸಿಗುವ ಕಡೆ ಬಂದು ನನಗೆ ಫೋನ್ ಮಾಡಿ. ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಪಂಚನಾಮೆ ಅಂದರೂ.

ತಿಂಗಳ ಸಂಬಳ 1,500 ರೂಪಾಯಿ, 5ನೇ ತಾರೀಕಿನೊಳಗೆ ಬರುತ್ತದೆ. ರಿಪೇರಿಗೆ 1,000ದವರೆಗೆ ನೀವೇ ಮಾಡಿಸಿ, ಚೀಟಿಯ ಫೋಟೋ ಹಾಕಿ. ಅದಕ್ಕಿಂತ ಜಾಸ್ತಿ ಆದರೆ ಮೊದಲು ಕೇಳಿ. ಹಲಸಿನ ಹಣ್ಣು ನಿಮಗೇ. ಒಂದೆರಡು ನಮಗೂ ಇಟ್ಟಿರಿ, ಮೇ ಕೊನೆಗೆ ಬರುತ್ತೇವೆ.

ನಿಮ್ಮ
ಶ್ರೀಧರ