ಈ ಸಾಲಿನ ಕಿರು ಸಾಕ್ಷ್ಯಚಿತ್ರಕ್ಕೆ ವಿಷಯಗಳು: ಚಿತ್ರಸಂಘದ ಸದಸ್ಯರ ಪರಿಶೀಲನೆಗೆ

ನಮ್ಮ ಸಂಘದ ಕೈಯಲ್ಲಿ ಸದ್ಯ ಇರುವುದು 6,000 ರೂಪಾಯಿ, ಎರಡು ಮೊಬೈಲ್ ಫೋನು, ಒಂದು ಕಾಲರ್ ಮೈಕು ಮತ್ತು ಒಂದು ಹಳೆಯ ಟ್ರೈಪಾಡ್. ಹತ್ತು ನಿಮಿಷದ ಚಿತ್ರಕ್ಕೆ ಇಷ್ಟು ಸಾಕು. ಆದರೆ ವಿಷಯವು ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿರಬೇಕು, ನಾವು ಹೇಳಿ ಮಾಡಿಸಬೇಕಾಗಿಲ್ಲದ ಕೆಲಸವೊಂದು ಅಲ್ಲಿ ತಾನಾಗಿಯೇ ನಡೆಯುತ್ತಿರಬೇಕು. ಬಂದ ಸಲಹೆಗಳನ್ನು ಈ ಅಳತೆಯಲ್ಲೇ ತೂಗಿ ನೋಡಿದ್ದೇನೆ.

ನನ್ನ ಮೊದಲ ಆಯ್ಕೆ ಭೂಮಣ್ಣಿ ಬುಟ್ಟಿ. ಸಾಗರ, ಸೊರಬ ಕಡೆಯ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಮುಂಚೆ ಹೆಣ್ಣುಮಕ್ಕಳು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಬಣ್ಣದಲ್ಲಿ ಚಿತ್ತಾರ ಬರೆಯುತ್ತಾರೆ. ಹಬ್ಬದ ದಿನ ಅದೇ ಬುಟ್ಟಿಯಲ್ಲಿ ಭೂಮಿತಾಯಿಗೆ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ. ಬುಟ್ಟಿಗೆ ಮಣ್ಣು ಹಚ್ಚುವುದರಿಂದ ಹಿಡಿದು ಪೂಜೆಯವರೆಗೆ ಕಥೆಗೆ ಬೇಕಾದ ಆದಿ ಅಂತ್ಯಗಳು ಇಲ್ಲಿ ತಾವಾಗಿಯೇ ಇವೆ. ಪುಂಡಿ ನಾರಿನ ಕುಂಚವನ್ನು ಹಿಡಿದ ಬೆರಳು ಬುಟ್ಟಿಯ ಉಬ್ಬಿನ ಮೇಲೆ ಗೆರೆ ಎಳೆಯುವಾಗ ಕುಂಚಕ್ಕಿಂತ ಹೆಚ್ಚಾಗಿ ಬುಟ್ಟಿಯೇ ತಿರುಗುತ್ತಿರುತ್ತದೆ. ಫೋನನ್ನು ಟ್ರೈಪಾಡಿಗೆ ಕಟ್ಟಿ ಆ ಒಂದು ಗೆರೆ ಮುಗಿಯುವವರೆಗೂ ಕತ್ತರಿಸದೆ ತೋರಿಸಿದರೆ ಹಿನ್ನೆಲೆ ಧ್ವನಿಯ ವಿವರಣೆಯೇ ಬೇಕಾಗುವುದಿಲ್ಲ. ಜಗಲಿಯ ಹಗಲು ಬೆಳಕು ಸಾಲುವುದರಿಂದ ದೀಪಗಳ ಬಾಡಿಗೆಯೂ ಉಳಿಯುತ್ತದೆ. ತೊಡಕು ಒಂದೇ: ಹುಣ್ಣಿಮೆ ತಪ್ಪಿದರೆ ಮತ್ತೆ ಮುಂದಿನ ವರ್ಷವೇ. ಪೂಜೆ ನಸುಕಿನಲ್ಲೇ ನಡೆಯುವುದಾದರೆ ಹಿಂದಿನ ರಾತ್ರಿಯೇ ಊರು ಸೇರಬೇಕು, ಆದ್ದರಿಂದ ಸಾಗರ ಕಡೆಯಿಂದ ಬರುವ ಸಹಪಾಠಿಗಳ ಮನೆಯಲ್ಲಿ ತಂಗುವ ವ್ಯವಸ್ಥೆ ಆಗಬೇಕು.

ಎರಡನೆಯದು ಅಡಿಕೆ ಸುಲಿತ. ಅಡಿಕೆಯೆಂದರೆ ಧಾರಣೆ, ಕೊಳೆರೋಗ, ಬೋರ್ಡೋ ದ್ರಾವಣ, ಎಲೆಚುಕ್ಕಿ ಎಂದು ಎಲ್ಲವನ್ನೂ ತುರುಕುವ ಆಸೆ ನಮ್ಮಲ್ಲಿ ಅನೇಕರಿಗಿದೆ. ಅಡಿಕೆ ಬೆಳೆಗಾರರ ಮನೆಯ ಮಕ್ಕಳೇ ಸಂಘದಲ್ಲಿ ಹೆಚ್ಚಿರುವುದರಿಂದ ಅದು ಸಹಜವೂ ಹೌದು. ಆದರೆ ಹತ್ತು ನಿಮಿಷಕ್ಕೆ ಒಂದು ರಾತ್ರಿಯ ಸುಲಿತದ ಚಪ್ಪರವೇ ಧಾರಾಳ. ಮೆಟ್ಟುಗತ್ತಿಗೆ ಕಾಯಿ ಒತ್ತಿದಾಗ ಸಿಪ್ಪೆ ಸೀಳುವ ಸದ್ದು, ಸುಲಿದ ಬೇಳೆ ಬುಟ್ಟಿಗೆ ಬೀಳುವ ಸದ್ದು, ನಡುನಡುವೆ ಊರಿನ ಸುದ್ದಿ, ಪಕ್ಕದಲ್ಲಿ ಚೊಗರು ಬೆರೆಸಿದ ನೀರಿನಲ್ಲಿ ಅಡಿಕೆ ಬೇಯುತ್ತಿರುವ ಹಂಡೆ: ಇವುಗಳಿಂದಲೇ ಚಿತ್ರ ಕಟ್ಟಬಹುದು. ಸುಲಿಯುವ ಯಂತ್ರ ಬಂದ ಮನೆಯೊಂದನ್ನೂ ಕೈಸುಲಿತ ಉಳಿದಿರುವ ಮನೆಯೊಂದನ್ನೂ ತೆಗೆದುಕೊಂಡರೆ ಬದಲಾವಣೆಯ ಕುರಿತು ಯಾರೂ ಭಾಷಣ ಮಾಡಬೇಕಾಗಿಲ್ಲ. ಚಪ್ಪರದ ಒಂಟಿ ಬಲ್ಬಿನಲ್ಲಿ ಫೋನಿನ ಚಿತ್ರ ಕಾಳುಕಾಳಾಗಿ ಬರುತ್ತದೆ ಎಂಬುದು ನಿಜ. ಮನೆಯವರ ಒಪ್ಪಿಗೆ ಪಡೆದು ಇನ್ನೆರಡು ಎಲ್‌ಇಡಿ ಬಲ್ಬು ಹಾಕಿದರೆ ಅದಕ್ಕೂ ಪರಿಹಾರವಿದೆ. ಕೊಯ್ಲು ತಿಂಗಳುಗಟ್ಟಲೆ ನಡೆಯುವುದರಿಂದ ಒಮ್ಮೆ ಕೆಟ್ಟರೆ ಮತ್ತೆ ಹೋಗಿ ಚಿತ್ರೀಕರಿಸಲು ಅವಕಾಶವಿರುವುದು ಇದರ ದೊಡ್ಡ ಅನುಕೂಲ.

ಶರಾವತಿ ಹಿನ್ನೀರಿನ ಮುಳುಗಡೆಯ ಕಥೆಯನ್ನೇ ಮಾಡಬೇಕೆಂದು ಹಲವರು ಪಟ್ಟು ಹಿಡಿದಿದ್ದಾರೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಒಕ್ಕಲೆದ್ದವರ ಬದುಕು ಹತ್ತು ನಿಮಿಷದಲ್ಲಿ ಹಿಡಿಯುವಂಥದ್ದಲ್ಲ, ಅವಸರದಲ್ಲಿ ಹೇಳಿದರೆ ಅವರಿಗೆ ಅನ್ಯಾಯವೂ ಆಗುತ್ತದೆ. ಅದರ ಒಂದು ಎಳೆಯನ್ನು ಮಾತ್ರ ಹಿಡಿಯಬಹುದು: 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ, ಸಿಗಂದೂರಿಗೆ ಹೋಗುವವರು ಲಾಂಚಿಗೆ ಕಾಯುತ್ತಿದ್ದ ದಡದ ಅಂಗಡಿಗಳ ವ್ಯಾಪಾರ ಏನಾಯಿತು ಎಂಬುದು. ಆಸ್ಪತ್ರೆಗೆ ಹೋಗಲೂ ಲಾಂಚನ್ನೇ ನಂಬಿದ್ದ ತುಮರಿ ಭಾಗದ ಜನರ ಮಾತು ಇದರಲ್ಲಿ ಇಲ್ಲದಿದ್ದರೆ ಚಿತ್ರ ಬರೀ ಹಳಹಳಿಕೆಯಾಗುತ್ತದೆ.

ಮಂಡಗದ್ದೆಯ ಹಕ್ಕಿಗಳನ್ನೂ ಸಕ್ರೆಬೈಲಿನ ಆನೆಗಳನ್ನೂ ಈ ಸಲ ಕೈಬಿಡುವುದು ಒಳ್ಳೆಯದು. ನದಿ ನಡುವಿನ ಗೂಡುಗಳಿಗೆ ಫೋನಿನ ಜೂಮ್ ಎಟುಕದು, ಆನೆ ಬಿಡಾರದಲ್ಲಿ ಚಿತ್ರೀಕರಿಸಲು ಅರಣ್ಯ ಇಲಾಖೆಯ ಅನುಮತಿಗಾಗಿ ಓಡಾಡುವಷ್ಟರಲ್ಲಿ ಸೆಮಿಸ್ಟರ್ ಮುಗಿಯುತ್ತದೆ. ಡ್ರೋನ್ ಬಾಡಿಗೆಗೆ ತರುವ ಸಲಹೆಗೂ ನನ್ನ ವಿರೋಧವಿದೆ. ಮಲೆನಾಡನ್ನು ಮೇಲಿನಿಂದ ತೋರಿಸುವ ವಿಡಿಯೊಗಳಿಗೇನೂ ಬರವಿಲ್ಲ.

ಯಾವ ವಿಷಯ ಆಯ್ಕೆಯಾದರೂ ಮೊದಲ ಭೇಟಿಗೆ ಕ್ಯಾಮೆರಾ ಒಯ್ಯಬಾರದು, ಚಿತ್ರದಲ್ಲಿ ಬರುವವರ ಒಪ್ಪಿಗೆ ಬರಹದಲ್ಲಿರಬೇಕು, ಸಿದ್ಧವಾದ ಚಿತ್ರವನ್ನು ಬೇರೆಲ್ಲಿ ತೋರಿಸುವ ಮುನ್ನ ಅವರಿಗೇ ತೋರಿಸಬೇಕು. ಸಿನಿಮಾ ಹಾಡುಗಳನ್ನು ಹಿನ್ನೆಲೆಗೆ ಬಳಸಿದರೆ ಹಕ್ಕುಸ್ವಾಮ್ಯದ ತಕರಾರು ಬರುವುದರಿಂದ ಸ್ಥಳದಲ್ಲೇ ದಾಖಲಿಸಿದ ಶಬ್ದವೇ ಸಾಕು. ಖರ್ಚಿನಲ್ಲಿ 2,500 ರೂಪಾಯಿ ಬಸ್ಸಿಗೆ, 2,000 ಊಟಕ್ಕೆ, 700 ಮೆಮೊರಿ ಕಾರ್ಡಿಗೆ ಹೋದರೆ, ಉಳಿದ 800 ಮರುಚಿತ್ರೀಕರಣಕ್ಕೆ ಮೀಸಲಾಗಿರಲಿ. ಬುಟ್ಟಿಯ ವಿಷಯ ಒಪ್ಪಿಗೆಯಾದರೆ ಹುಣ್ಣಿಮೆಗೆ ಎರಡು ವಾರ ಮೊದಲೇ ಆ ಮನೆಯವರನ್ನು ಕಂಡು ಬರಬೇಕಾಗಿರುವುದರಿಂದ, ಶುಕ್ರವಾರದ ಸಭೆಯಲ್ಲೇ ತೀರ್ಮಾನವಾಗಬೇಕೆಂದು ಕೋರುತ್ತೇನೆ.